ಹಣ ಆಗುವುದಿಲ್ಲ, ಎರಡು ಶನಿವಾರ ಕೊಡುತ್ತೇನೆ

ಊರಿನ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿತೆಂದರೆ, ಇಲ್ಲವೇ ಕೊಠಡಿಯ ಚಾವಣಿ ಸೋರತೊಡಗಿತೆಂದರೆ, ಹಳೆ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಪಟ್ಟಿ ಬರುತ್ತದೆ. ಹೆಸರು, ಹೆಸರಿನ ಮುಂದೆ ಮೊತ್ತ, ಅದರ ಪಕ್ಕ ಹಸಿರು ಗುರುತು. ಯಾರಾದರೂ ಕೊಟ್ಟಾಗಲೆಲ್ಲ ಪಟ್ಟಿ ಒಂದು ಸಾಲು ಬೆಳೆದು ಮತ್ತೆ ಮೇಲಕ್ಕೆ ಬರುತ್ತದೆ. ತಲಾ 10,000 ರೂಪಾಯಿ ಎಂದು ನಾಲ್ಕು ಜನ ಕೂತು ಗೊತ್ತು ಮಾಡಿರುತ್ತಾರೆ. ಆ ನಾಲ್ವರಿಗೆ ಅದು ಕೈಗೆಟುಕುವ ಮೊತ್ತ. ಅದೇ ಬ್ಯಾಚಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುವವರಿದ್ದಾರೆ, ಅಡಿಕೆ ಸುಲಿಯುವವರಿದ್ದಾರೆ, ಮಗಳ ಕಾಲೇಜು ಶುಲ್ಕಕ್ಕೆ ಒಡವೆ ಅಡ ಇಟ್ಟವರಿದ್ದಾರೆ. ಅವರೂ ಅದೇ ಪಟ್ಟಿಯನ್ನು ನೋಡುತ್ತಿರುತ್ತಾರೆ.

ಕೊಡಲಾಗದವರಲ್ಲಿ ಹೆಚ್ಚಿನವರು ಸುಮ್ಮನಾಗುತ್ತಾರೆ. ಕೆಲವರು ‘ನೋಡೋಣ’ ಎನ್ನುತ್ತಾರೆ. ಈ ‘ನೋಡೋಣ’ ಸಂಗ್ರಹಿಸುವವನಿಗೆ ಬಹಳ ತೊಂದರೆ ಕೊಡುತ್ತದೆ. ಅವನು ಅದನ್ನು ಅರ್ಧ ಒಪ್ಪಿಗೆ ಎಂದು ಎಣಿಸಿ, ಬರಬಹುದಾದ ಹಣದ ಲೆಕ್ಕಕ್ಕೆ ಸೇರಿಸಿಕೊಂಡು, ಮೇಸ್ತ್ರಿಗೆ ಮುಂಗಡ ಕೊಟ್ಟುಬಿಡುತ್ತಾನೆ. ಆಮೇಲೆ ಮೂರು ತಿಂಗಳು ಫೋನ್ ಮಾಡುತ್ತಾನೆ. ಕೊನೆಗೆ ಹಣವೂ ಬರುವುದಿಲ್ಲ, ಊರ ಜಾತ್ರೆಯಲ್ಲಿ ಎದುರಾದರೆ ಇಬ್ಬರೂ ಮುಖ ತಿರುಗಿಸುವಂತಾಗುತ್ತದೆ. ಮೊದಲ ವಾರದಲ್ಲೇ ‘ಆಗುವುದಿಲ್ಲ’ ಎಂದಿದ್ದರೆ ಅವನು ಬೇರೆ ದಾರಿ ಹುಡುಕುತ್ತಿದ್ದ.

ಹಣ ಕೊಡಲಾಗದವರು ಸಮಯ ಕೊಡಬಹುದು ಎಂಬ ಮಾತು ಎಲ್ಲರಿಗೂ ಗೊತ್ತು. ಆದರೆ ಅದನ್ನು ಹೇಗೆ ಕೊಟ್ಟರೆ ಶಾಲೆ ನಿಜವಾಗಿ ತೆಗೆದುಕೊಳ್ಳಬಲ್ಲದು ಎಂಬುದರ ಬಗ್ಗೆ ಯಾರೂ ಹೆಚ್ಚು ಯೋಚಿಸಿದಂತಿಲ್ಲ. ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ತುಮಕೂರು ಜಿಲ್ಲೆಯ ಹೋಬಳಿ ಊರೊಂದರ ಸರ್ಕಾರಿ ಪ್ರೌಢಶಾಲೆ. ಅಲ್ಲಿ ಓದಿದ ಒಬ್ಬ ಮಹಿಳೆ ಈಗ ಬೆಂಗಳೂರಿನ ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಕೆಲಸಕ್ಕೆ ಸೇರುವ ಮೊದಲು ಎಫ್‌ಡಿಎ, ಎಸ್‌ಡಿಎ, ಬ್ಯಾಂಕ್ ಎಂದು ಐದಾರು ಸ್ಪರ್ಧಾತ್ಮಕ ಪರೀಕ್ಷೆ ಬರೆದವರು. ಸಂಬಳ ಮನೆ ಬಾಡಿಗೆ, ಸಾಲದ ಕಂತು, ತಾಯಿಯ ಔಷಧಿಗೆ ಸರಿಹೋಗುತ್ತದೆ. 10,000 ರೂಪಾಯಿ ಈಗ ಸಾಧ್ಯವಿಲ್ಲ.

ಅವರು ಎರಡು ಬೇರೆ ಬೇರೆ ಮಾತುಗಳನ್ನು ಇಬ್ಬರು ಬೇರೆ ಬೇರೆ ಜನರಿಗೆ ಹೇಳಬೇಕು. ಹಣ ಆಗುವುದಿಲ್ಲ ಎಂಬುದನ್ನು ಸಂಗ್ರಹಿಸುತ್ತಿರುವ ಸಹಪಾಠಿಗೆ, ಸಮಯ ಕೊಡುತ್ತೇನೆ ಎಂಬುದನ್ನು ಮುಖ್ಯ ಶಿಕ್ಷಕರಿಗೆ. ಎರಡನ್ನೂ ಒಂದೇ ಸಂದೇಶದಲ್ಲಿ ಸೇರಿಸಿ ಸಹಪಾಠಿಗೆ ಕಳಿಸಿದರೆ ಅದು ಚೌಕಾಸಿಯಂತೆ ಕೇಳುತ್ತದೆ. ಅಲ್ಲದೆ ಎಂಟನೇ ತರಗತಿಯ ಮಕ್ಕಳಿಗೆ ಯಾರು ಪಾಠ ಮಾಡಬೇಕು ಎಂದು ತೀರ್ಮಾನಿಸುವ ಅಧಿಕಾರ ಅವನಿಗಿಲ್ಲ. ಅವನು ‘ಆಯ್ತು, ಹೇಳ್ತೀನಿ’ ಎಂದು ಮರೆತುಬಿಡುತ್ತಾನೆ.

ಸಹಪಾಠಿಗೆ ಗುಂಪಿನಲ್ಲಿ ಬರೆಯದೆ ನೇರವಾಗಿ ಅವನ ನಂಬರಿಗೆ ಇಷ್ಟು ಬರೆದರೆ ಸಾಕು: “ಶಾಲೆ ಕೆಲಸಕ್ಕೆ ನೀನು ಎಷ್ಟು ಓಡಾಡ್ತಿದೀಯ ಅಂತ ನೋಡ್ತಾ ಇದೀನಿ. ಈ ಸಲ ನನ್ನಿಂದ ಹಣ ಕೊಡೋಕೆ ಆಗಲ್ಲ. ಪಟ್ಟಿಯಲ್ಲಿ ನನ್ನ ಹೆಸರು ಲೆಕ್ಕಕ್ಕೆ ಹಿಡಿಬೇಡ. ಶಾಲೆಗೆ ಬೇರೆ ರೀತಿಯಲ್ಲಿ ಏನು ಮಾಡಬಹುದು ಅಂತ ಹೆಡ್‌ಮಾಸ್ಟರ್ ಹತ್ರ ಮಾತಾಡ್ತೀನಿ.”

ಇದರಲ್ಲಿ ಕಾರಣವಿಲ್ಲ ಎಂಬುದನ್ನು ಗಮನಿಸಿ. ನಮ್ಮಲ್ಲಿ ಕಾರಣ ಹೇಳದೆ ಇಲ್ಲ ಎನ್ನುವುದು ಒರಟು ಎಂಬ ಭಾವನೆ ಇದೆ. ಆದರೆ ಕಾರಣ ಹೇಳಿದ ಕೂಡಲೇ ಎದುರಿನವನು ಅದಕ್ಕೆ ಪರಿಹಾರ ಹುಡುಕತೊಡಗುತ್ತಾನೆ. ಈ ತಿಂಗಳು ಕಷ್ಟ ಎಂದರೆ ‘ಪರವಾಗಿಲ್ಲ, ಮುಂದಿನ ತಿಂಗಳು ಹಾಕು’ ಎನ್ನುತ್ತಾನೆ. ತಾಯಿಗೆ ಹುಷಾರಿಲ್ಲ ಎಂದರೆ ‘ಎರಡು ಕಂತು ಮಾಡು’ ಎನ್ನುತ್ತಾನೆ. ಅವನದು ಒಳ್ಳೆಯ ಮನಸ್ಸೇ. ಆದರೆ ನಿಮ್ಮ ಮನೆಯ ಲೆಕ್ಕವನ್ನು ಅವನ ಮುಂದೆ ಬಿಚ್ಚಿಡುವ ಸ್ಥಿತಿಗೆ ನೀವೇ ಬಂದಿರುತ್ತೀರಿ. ‘ಈ ಸಲ ಆಗಲ್ಲ’ ಎಂಬಷ್ಟೇ ಸಾಕು. ಎರಡನೇ ಸಲ ಕೇಳಿದರೆ ಅದೇ ಮಾತನ್ನು ಅದೇ ಶಬ್ದಗಳಲ್ಲಿ ಹೇಳಬೇಕು. ಮಾತು ಬದಲಾದರೆ ಅವನಿಗೆ ಸಂದು ಸಿಕ್ಕಂತೆ ಕಾಣುತ್ತದೆ. ಇನ್ನು ‘ಪಟ್ಟಿಯಲ್ಲಿ ಹೆಸರು ಹಿಡಿಬೇಡ’ ಎಂಬ ವಾಕ್ಯವೇ ಅವನಿಗೆ ನೀವು ಮಾಡುವ ಉಪಕಾರ. ಅದು ಅವನ ಲೆಕ್ಕವನ್ನು ಸರಿಮಾಡುತ್ತದೆ.

ಈಗ ಮುಖ್ಯ ಶಿಕ್ಷಕರ ವಿಷಯ. ‘ಏನಾದರೂ ಸಹಾಯ ಬೇಕಿದ್ದರೆ ಹೇಳಿ ಸರ್’ ಎಂದು ಅವರಿಗೆ ವರ್ಷವಿಡೀ ಹತ್ತಾರು ಜನ ಹೇಳುತ್ತಾರೆ. ಆ ಮಾತಿನಿಂದ ಅವರಿಗೆ ಕೆಲಸ ಹೆಚ್ಚುತ್ತದೆ. ನಿಮಗೆ ಏನು ಬರುತ್ತದೆ, ಯಾವಾಗ ಬಿಡುವು, ಯಾವ ತರಗತಿಗೆ ಹೊಂದುತ್ತದೆ ಎಂಬುದನ್ನೆಲ್ಲ ಅವರೇ ಯೋಚಿಸಬೇಕು. ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ದಾಖಲೆ, ಚುನಾವಣೆ ಕೆಲಸಕ್ಕೆ ಹೋದ ಶಿಕ್ಷಕರ ಪೀರಿಯಡ್ ಹಂಚಿಕೆ, ಇವುಗಳ ನಡುವೆ ಅವರು ಅದನ್ನು ಯೋಚಿಸುವುದಿಲ್ಲ. ಹೆಚ್ಚೆಂದರೆ ಸ್ವಾತಂತ್ರ್ಯ ದಿನಾಚರಣೆಗೆ ಕರೆದು ಒಂದು ಸ್ಫೂರ್ತಿಯ ಭಾಷಣ ಮಾಡಿಸುತ್ತಾರೆ. ಅರ್ಧ ಗಂಟೆ ಮಕ್ಕಳು ಬಿಸಿಲಿನಲ್ಲಿ ಕೂರುತ್ತಾರೆ, ಅಲ್ಲಿಗೆ ಮುಗಿಯಿತು.

ನಮ್ಮ ಉದಾಹರಣೆಯ ಮಹಿಳೆ ಕೇಳಬೇಕಾದ ಪ್ರಶ್ನೆ ಬೇರೆ. ಶಾಲೆಯ ಮಕ್ಕಳಿಗೆಂದು ಈಗಾಗಲೇ ಎಲ್ಲಿ ಹಣ ಇದೆ, ಅದು ಯಾಕೆ ಅವರ ಕೈಗೆ ಬರುತ್ತಿಲ್ಲ? ಇದಕ್ಕೆ ಒಂದು ಸ್ಪಷ್ಟ ಉತ್ತರ ಎನ್‌ಎಂಎಂಎಸ್. ಎಂಟನೇ ತರಗತಿಯ ಮಕ್ಕಳು ಬರೆಯುವ ಈ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಕೇಂದ್ರ ಸರ್ಕಾರ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತದೆ. ನಾಲ್ಕು ವರ್ಷಕ್ಕೆ 48,000. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ ಅವಕಾಶ. ನವೋದಯ, ಕೇಂದ್ರೀಯ ವಿದ್ಯಾಲಯ ಮತ್ತು ಸರ್ಕಾರಿ ವಸತಿ ಶಾಲೆಗಳವರು ಬರೆಯುವಂತಿಲ್ಲ. ಪಾಲಕರ ವಾರ್ಷಿಕ ಆದಾಯ 3.5 ಲಕ್ಷ ಮೀರಬಾರದು. ಏಳನೇ ತರಗತಿಯಲ್ಲಿ ಶೇ 55 ಅಂಕ ಇರಬೇಕು, ಪರಿಶಿಷ್ಟರಿಗೆ ಶೇ 50. ದೇಶದಲ್ಲಿ ವರ್ಷಕ್ಕೆ 1 ಲಕ್ಷ ಹೊಸ ವಿದ್ಯಾರ್ಥಿವೇತನಗಳು. ಅದರಲ್ಲಿ ಪ್ರತಿ ರಾಜ್ಯಕ್ಕೂ ಇಷ್ಟು ಎಂದು ಪಾಲು ಇದೆ. ಇಬ್ಬರು ಮಕ್ಕಳು ಆಯ್ಕೆಯಾಗಿ ನಾಲ್ಕೂ ವರ್ಷ ಪಡೆದರೆ 96,000 ರೂಪಾಯಿ ಆ ಎರಡು ಮನೆಗಳಿಗೆ ಬರುತ್ತದೆ. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಬೀಳಬೇಕಿದ್ದ ಮೊತ್ತದ ಒಂಬತ್ತು ಪಟ್ಟಿಗಿಂತ ಹೆಚ್ಚು.

ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಒಂದೊಂದರಲ್ಲಿ 90 ಪ್ರಶ್ನೆ, 90 ನಿಮಿಷ. ಎರಡನೆಯದು ವಿಜ್ಞಾನ, ಸಮಾಜ, ಗಣಿತ. ಅದನ್ನು ಶಿಕ್ಷಕರು ಹೇಗೂ ತರಗತಿಯಲ್ಲಿ ಮಾಡುತ್ತಾರೆ. ಮೊದಲನೆಯದು ಮಾನಸಿಕ ಸಾಮರ್ಥ್ಯದ್ದು: ಸಂಖ್ಯಾ ಸರಣಿ, ಗುಂಪಿಗೆ ಸೇರದ್ದು, ಸಾದೃಶ್ಯ, ಸಂಕೇತ ಭಾಷೆ, ಚಿತ್ರದೊಳಗೆ ಅಡಗಿದ ಚಿತ್ರ. ಇದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ, ಯಾವ ಪೀರಿಯಡ್ಡಿನಲ್ಲೂ ಬರುವುದಿಲ್ಲ. ಹಳ್ಳಿಯ ಮಕ್ಕಳು ಹಿಂದೆ ಬೀಳುವುದು ಇಲ್ಲಿ. ಎಫ್‌ಡಿಎ, ಬ್ಯಾಂಕ್ ಪರೀಕ್ಷೆಗೆ ವರ್ಷಗಟ್ಟಲೆ ತಯಾರಿ ಮಾಡಿದವರಿಗಾದರೋ ಈ ಬಗೆಯ ಪ್ರಶ್ನೆಗಳು ಕರತಲಾಮಲಕ. ಪರೀಕ್ಷೆ ಪಾಸಾದವರೂ ಆಗದವರೂ ಇದನ್ನು ಬಲ್ಲರು. ಸರ್ಕಾರಿ ಕೆಲಸ ಸಿಗದೆ ಊರಿನಲ್ಲೇ ಜೆರಾಕ್ಸ್ ಅಂಗಡಿ ಇಟ್ಟ ಸಹಪಾಠಿಗೂ ಇದು ಬರುತ್ತದೆ. ಹಣದ ಪಟ್ಟಿಯ ಮುಂದೆ ತಲೆ ತಗ್ಗಿಸಿ ಕೂತವನು ಶಾಲೆಗೆ ಬೇಕಾದವನೇ ಆಗಿರಬಹುದು, ಅವನನ್ನು ಯಾರೂ ಕೇಳಿಲ್ಲ ಅಷ್ಟೆ.

ಹಾಗಾಗಿ ಮುಖ್ಯ ಶಿಕ್ಷಕರಿಗೆ ಆಕೆ ಬರೆಯುವ ಪತ್ರ ಹೀಗಿರಬಹುದು: “ಮಾನ್ಯರೇ, ನಾನು ನಮ್ಮ ಶಾಲೆಯ ಹಳೆ ವಿದ್ಯಾರ್ಥಿನಿ. ಎನ್‌ಎಂಎಂಎಸ್ ಪರೀಕ್ಷೆಯ ಮಾನಸಿಕ ಸಾಮರ್ಥ್ಯ ಪತ್ರಿಕೆಗೆ ಎಂಟನೇ ತರಗತಿಯ ಮಕ್ಕಳನ್ನು ತಯಾರು ಮಾಡಬಲ್ಲೆ. ಜುಲೈನಿಂದ ನವೆಂಬರ್‌ವರೆಗೆ ಎರಡನೇ ಮತ್ತು ನಾಲ್ಕನೇ ಶನಿವಾರ ನನಗೆ ರಜೆ. ಆ ದಿನಗಳಲ್ಲಿ ಒಂದೂವರೆ ಗಂಟೆ ಕೊಟ್ಟರೆ ಸಾಕು. ತಾವು ಹೇಳಿದ ಸಮಯಕ್ಕೆ ಬರುತ್ತೇನೆ. ತರಗತಿಯಲ್ಲಿ ಶಿಕ್ಷಕರೊಬ್ಬರು ಜೊತೆಗಿರುವಂತೆ ದಯವಿಟ್ಟು ವ್ಯವಸ್ಥೆ ಮಾಡಿ. ಪ್ರಶ್ನೆಪತ್ರಿಕೆಗಳ ನಕಲು ನಾನೇ ತರುತ್ತೇನೆ. ಈ ಯೋಚನೆ ಶಾಲೆಗೆ ಹೊಂದದಿದ್ದರೆ ಬೇಸರವಿಲ್ಲ, ತಿಳಿಸಿ.” ಇದಕ್ಕೆ ಮುಖ್ಯ ಶಿಕ್ಷಕರು ಹೌದು ಅಥವಾ ಇಲ್ಲ ಎಂದರೆ ಮುಗಿಯಿತು. ಬೇರೆ ಏನನ್ನೂ ಯೋಚಿಸಬೇಕಿಲ್ಲ.

ಶನಿವಾರದ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ರಾಜ್ಯ ಸರ್ಕಾರಿ ಕಚೇರಿಗಳಿಗೆ, ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ಶಾಲೆಗೆ ಅಂದು ಬೆಳಗಿನ ತರಗತಿ. ಈ ಹೊಂದಿಕೆ ಅನುಕೂಲಕರ. ಆದರೆ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕೂರಿಸಿಕೊಳ್ಳುತ್ತೇನೆ ಎಂದು ಹೊರಟರೆ ಕೆಲಸ ಕೆಡುತ್ತದೆ. ದೂರದ ಹಳ್ಳಿಗಳಿಂದ ಬರುವವರಿಗೆ ಆ ಬಸ್ಸು ತಪ್ಪಿದರೆ ಸಂಜೆವರೆಗೆ ಇನ್ನೊಂದಿಲ್ಲ. ಉಳಿದುಕೊಳ್ಳುವವರು ಊರಿನೊಳಗಿನ ಮಕ್ಕಳು ಮಾತ್ರ. ಅಂದರೆ ಹೆಚ್ಚು ಬೇಕಾದವರೇ ಬಿಟ್ಟುಹೋಗುತ್ತಾರೆ. ಅದಕ್ಕೇ ಶಾಲೆಯ ವೇಳೆಯೊಳಗೇ ಎರಡು ಪೀರಿಯಡ್ ಕೇಳಬೇಕು. ಆಕೆಯ ಪ್ರಯಾಣದ ಖರ್ಚನ್ನು ಶಕ್ತಿ ಯೋಜನೆ ನೋಡಿಕೊಳ್ಳುತ್ತದೆ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ. ಆಕೆಯ ಕೈಯಿಂದ ಹೋಗುವುದು ಜೆರಾಕ್ಸಿನ ದುಡ್ಡು ಮಾತ್ರ. ಐದು ತಿಂಗಳಲ್ಲಿ ಹತ್ತು ಶನಿವಾರ, ದಸರಾ ರಜೆಯಲ್ಲಿ ಒಂದೋ ಎರಡೋ ತಪ್ಪುತ್ತವೆ. ಎಂಟು ತರಗತಿ ಖಂಡಿತ ಸಿಗುತ್ತವೆ ಎಂದು ಹಿಡಿದು ಯೋಜನೆ ಹಾಕಿದರೆ ಮೋಸವಿಲ್ಲ. ಪರೀಕ್ಷೆಯ ದಿನಾಂಕ ಪ್ರತಿವರ್ಷ ಬದಲಾಗುವುದರಿಂದ ಆ ವರ್ಷದ ಅಧಿಸೂಚನೆ ನೋಡಿಕೊಂಡೇ ಕೊನೆಯ ತರಗತಿ ಗೊತ್ತು ಮಾಡಬೇಕು.

ಎಂಟು ತರಗತಿಯಲ್ಲಿ ಏನು ಮಾಡಬಹುದು? ಮೊದಲ ಐದರಲ್ಲಿ ತರಗತಿಗೊಂದು ಬಗೆಯ ಪ್ರಶ್ನೆ. ಉಳಿದ ಮೂರರಲ್ಲಿ ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬರೆಸುವುದು. ಅಲ್ಲಿ ಮೊದಲು ಕಣ್ಣಿಗೆ ಬೀಳುವ ತೊಂದರೆ ಬುದ್ಧಿಯದಲ್ಲ, ಸಮಯದ್ದು. ಒಳ್ಳೆಯ ವಿದ್ಯಾರ್ಥಿ ಒಂದು ಸರಣಿಯ ಹಿಂದೆ ಬಿದ್ದು ಐದು ನಿಮಿಷ ಕಳೆಯುತ್ತಾನೆ, ಏಕೆಂದರೆ ತರಗತಿಯಲ್ಲಿ ಅವನಿಗೆ ಲೆಕ್ಕ ಬಿಡಿಸದೆ ಮುಂದೆ ಹೋಗಬಾರದೆಂದು ಕಲಿಸಿದ್ದಾರೆ. ಒಂದು ಪ್ರಶ್ನೆಗೆ ಒಂದೇ ನಿಮಿಷ, ಬರದಿದ್ದರೆ ಬಿಟ್ಟು ಮುಂದೆ ಹೋಗಿ ಕೊನೆಯಲ್ಲಿ ಮರಳಬೇಕು ಎಂಬುದನ್ನು ಹೇಳಿದರೆ ಸಾಲದು, ಮೂರು ಸಲ ಮಾಡಿಸಬೇಕು. ಎರಡನೆಯದು ಓಎಂಆರ್ ಹಾಳೆ. ಆ ವೃತ್ತಗಳನ್ನು ತುಂಬುವುದು ಎಷ್ಟೋ ಮಕ್ಕಳಿಗೆ ಜೀವನದಲ್ಲಿ ಅದೇ ಮೊದಲು. ಒಂದು ಸಾಲು ತಪ್ಪಿದರೆ ಕೆಳಗಿನದೆಲ್ಲ ತಪ್ಪುತ್ತದೆ. ತಪ್ಪು ಉತ್ತರಕ್ಕೆ ಇಲ್ಲಿ ಅಂಕ ಕಳೆಯುವುದಿಲ್ಲ. ಆದ್ದರಿಂದ ಕೊನೆಯ ಎರಡು ನಿಮಿಷದಲ್ಲಿ ಯಾವ ವೃತ್ತವನ್ನೂ ಖಾಲಿ ಬಿಡದಂತೆ ಅಭ್ಯಾಸ ಮಾಡಿಸಬೇಕು. ಎರಡೂ ಪತ್ರಿಕೆ ಸೇರಿ ಶೇ 40, ಪರಿಶಿಷ್ಟರಿಗೆ ಶೇ 32 ಅರ್ಹತಾ ಅಂಕ. 180ಕ್ಕೆ 72 ಬಂದರೆ ಅರ್ಹತೆ ಬರುತ್ತದೆ, ಆಯ್ಕೆ ಮಾತ್ರ ಅದರ ಮೇಲಿನ ಪೈಪೋಟಿಯಲ್ಲಿ. ಇದನ್ನು ಪೋಷಕರಿಗೆ ಮೊದಲೇ ಹೇಳದಿದ್ದರೆ ‘ಪಾಸಾದರೂ ಹಣ ಬರಲಿಲ್ಲ’ ಎಂಬ ಅಸಮಾಧಾನ ಮೇಡಂ ಮೇಲೆ ಬೀಳುತ್ತದೆ.

ನನ್ನ ದೃಷ್ಟಿಯಲ್ಲಿ ಪಾಠಕ್ಕಿಂತ ದೊಡ್ಡ ಕೆಲಸ ಫಲಿತಾಂಶ ಬಂದ ಮೇಲಿನದು. ಆಯ್ಕೆಯಾದ ಮಗು ಒಂಬತ್ತನೇ ತರಗತಿಯಲ್ಲಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಮೇಲೆ ಪ್ರತಿವರ್ಷ ನವೀಕರಿಸಬೇಕು. ಅರ್ಜಿಯನ್ನು ಮೊದಲು ಶಾಲೆಯ ನೋಡಲ್ ಶಿಕ್ಷಕರು, ನಂತರ ಜಿಲ್ಲಾ ನೋಡಲ್ ಅಧಿಕಾರಿ ಪರಿಶೀಲಿಸುತ್ತಾರೆ. ಇಲ್ಲಿ ಯಾವುದಾದರೂ ಒಂದು ಕೊಂಡಿ ಕಳಚಿದರೆ ಪರೀಕ್ಷೆ ಗೆದ್ದ ಮಗುವಿಗೆ ಹಣವಿಲ್ಲ. ಆಧಾರ್‌ನಲ್ಲಿ ‘ಗಂಗಮ್ಮ’, ಶಾಲಾ ದಾಖಲೆಯಲ್ಲಿ ‘ಗಂಗಾ’ ಇದ್ದರೆ ಅರ್ಜಿ ನಿಲ್ಲುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಪ್ರತಿ ಕೊಟ್ಟಿದ್ದೇವೆ ಎಂದು ತಂದೆ ಹೇಳುತ್ತಾರೆ, ಆದರೆ ಸರ್ಕಾರದ ಹಣ ಬೀಳಬೇಕಾದರೆ ಆ ಖಾತೆ ಎನ್‌ಪಿಸಿಐ ಪಟ್ಟಿಯಲ್ಲಿ ಆಧಾರ್‌ಗೆ ಜೋಡಣೆಯಾಗಿರಬೇಕು. ಅದು ಬೇರೆಯೇ ಅರ್ಜಿ. ಹತ್ತನೇ ತರಗತಿ ಮುಗಿಸಿ ಬೇರೆ ಊರಿನ ಕಾಲೇಜಿಗೆ ಸೇರಿದ ಹುಡುಗಿಯ ನವೀಕರಣ ಯಾರ ಹೊಣೆ ಎಂದು ಹಳೆಯ ಶಾಲೆಗೂ ಗೊತ್ತಿರುವುದಿಲ್ಲ, ಹೊಸ ಕಾಲೇಜಿಗೂ ಗೊತ್ತಿರುವುದಿಲ್ಲ. ಅಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿರುತ್ತದೆ. ಕಚೇರಿಯಲ್ಲಿ ಕಡತ ನೋಡುವ ಅಭ್ಯಾಸವಿರುವ ಒಬ್ಬರು ವರ್ಷಕ್ಕೆ ಎರಡು ದಿನ ಕೂತು ಈ ಹೆಸರು, ಖಾತೆ, ದಿನಾಂಕಗಳನ್ನು ಹೊಂದಿಸಿ ಕೊಟ್ಟರೆ ಅದಕ್ಕೆ ಸಮನಾದ ದೇಣಿಗೆ ಇಲ್ಲವೆಂದೇ ನನ್ನ ನಂಬಿಕೆ.

ಸಮಯ ಕೊಡುವುದರಲ್ಲಿ ಒಂದು ಅಪಾಯವಿದೆ. ಹಣ ಕೊಡುತ್ತೇನೆಂದು ಕೊಡದವರಿಂದ ಸಂಘದ ಲೆಕ್ಕ ಕೆಡುತ್ತದೆ. ತರಗತಿ ತೆಗೆದುಕೊಳ್ಳುತ್ತೇನೆಂದು ಮೂರನೇ ವಾರಕ್ಕೆ ನಿಲ್ಲಿಸಿದರೆ ಮಕ್ಕಳು ಕಾದು ಕೂರುತ್ತಾರೆ, ಶಿಕ್ಷಕರು ಬಿಟ್ಟುಕೊಟ್ಟ ಪೀರಿಯಡ್ ಹಾಳಾಗುತ್ತದೆ. ಮುಂದೆ ಬರುವ ಇನ್ನೊಬ್ಬ ಹಳೆ ವಿದ್ಯಾರ್ಥಿಯನ್ನು ಮುಖ್ಯ ಶಿಕ್ಷಕರು ನಂಬುವುದಿಲ್ಲ. ಆದ್ದರಿಂದ ಕೊಡಬಲ್ಲೆ ಎನಿಸಿದ್ದರ ಅರ್ಧವನ್ನು ಮಾತ್ರ ಒಪ್ಪಿಕೊಳ್ಳುವುದು ಒಳ್ಳೆಯದು. ತಿಂಗಳಿಗೆ ನಾಲ್ಕು ಶನಿವಾರ ಎಂದು ಹೇಳಿ ಎರಡಕ್ಕೆ ಬರುವವರಿಗಿಂತ ಎರಡು ಎಂದು ಹೇಳಿ ಎರಡಕ್ಕೂ ಬರುವವರು ಶಾಲೆಗೆ ಬೇಕು. ಹಾಗೆಯೇ, ಮಕ್ಕಳ ಜೊತೆ ಹೊರಗಿನವರು ಒಬ್ಬರೇ ಕೊಠಡಿಯಲ್ಲಿ ಇರುವುದು, ಮಕ್ಕಳ ಫೋನ್ ನಂಬರ್ ಪಡೆದು ಸಂದೇಶ ಕಳಿಸುವುದು ಬೇಡವೇ ಬೇಡ. ಏನು ತಿಳಿಸುವುದಿದ್ದರೂ ಶಿಕ್ಷಕರ ಮೂಲಕ, ಪೋಷಕರ ಗುಂಪಿನ ಮೂಲಕ. ಅದನ್ನು ಶಾಲೆ ಕೇಳುವ ಮೊದಲೇ ನೀವು ಕೇಳಿದರೆ ಮುಖ್ಯ ಶಿಕ್ಷಕರಿಗೆ ಅರ್ಧ ಧೈರ್ಯ ಬರುತ್ತದೆ.

ಅಧಿಕೃತ ದಾರಿಯೇ ಬೇಕೆಂದರೆ ಕೇಂದ್ರ ಶಿಕ್ಷಣ ಸಚಿವಾಲಯದ ವಿದ್ಯಾಂಜಲಿ ಪೋರ್ಟಲ್ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಅದರ ಈಗಿನ ರೂಪ ಶುರುವಾಯಿತು. ಅಲ್ಲಿ ಶಾಲೆಗಳು ತಮಗೆ ಬೇಕಾದ್ದನ್ನು ನಮೂದಿಸುತ್ತವೆ, ಸ್ವಯಂಸೇವಕರು ಹೆಸರು ನೋಂದಾಯಿಸಿ ಆಸಕ್ತಿ ತೋರಿಸುತ್ತಾರೆ, ಶಾಲೆ ಒಪ್ಪಿಗೆ ಕೊಡುತ್ತದೆ. ಸೇವೆ ಮತ್ತು ವಸ್ತು ಎಂದು ಎರಡು ವಿಭಾಗ. ಮುಖ್ಯ ಶಿಕ್ಷಕರಿಗೆ ‘ಮೇಲಿನವರು ಕೇಳಿದರೆ ಏನು ಹೇಳಲಿ’ ಎಂಬ ಅಳುಕಿದ್ದರೆ ಇದರ ಮೂಲಕ ಹೋಗುವುದು ಅವರಿಗೂ ನೆಮ್ಮದಿ.

ಇನ್ನು ಸಲಹೆ. ಸಮಯಕ್ಕಿಂತ ಸಲಹೆ ಕೊಡುವುದು ಕಷ್ಟ, ಏಕೆಂದರೆ ಹಣ ಕೇಳಿದಾಗ ಕೊಟ್ಟ ಸಲಹೆ ತಕರಾರಿನಂತೆ ಕೇಳುತ್ತದೆ. ‘ಕಾಂಪೌಂಡ್ ಯಾಕೆ, ಶೌಚಾಲಯ ಕಟ್ಟಿಸಿ’, ‘ಯಾವುದಾದರೂ ಕಂಪನಿಯ ಸಿಎಸ್‌ಆರ್ ಹಣ ಕೇಳಿ’ ಎಂದು ಗುಂಪಿನಲ್ಲಿ ಬರೆದವರು ಮತ್ತೆ ಅತ್ತ ತಲೆ ಹಾಕುವುದಿಲ್ಲ. ಸಿಎಸ್‌ಆರ್ ಕಾನೂನು ಅನ್ವಯಿಸುವುದು ನಿವ್ವಳ ಲಾಭ 5 ಕೋಟಿ ಅಥವಾ ವಹಿವಾಟು 1,000 ಕೋಟಿ ಅಥವಾ ನಿವ್ವಳ ಸಂಪತ್ತು 500 ಕೋಟಿ ದಾಟಿದ ಕಂಪನಿಗಳಿಗೆ. ಬ್ಯಾಚಿನಲ್ಲಿ ಅಂಥ ಕಂಪನಿಯಲ್ಲಿ ಇರುವವರು ಅಲ್ಲಿನ ಅರ್ಜಿ ನಮೂನೆ ತಂದು, ಭರ್ತಿ ಮಾಡಿ, ಮುಖ್ಯ ಶಿಕ್ಷಕರ ಸಹಿ ಮಾಡಿಸಿ ಸಲ್ಲಿಸಿದರೆ ಅದು ಸಲಹೆ. ನಾನು ಒಪ್ಪುವ ಸಲಹೆ ಇದೊಂದೇ ಬಗೆಯದು: ಹೇಳಿದವರೇ ಮಾಡಿ ಮುಗಿಸುವಂಥದ್ದು.

ಇಂಥ ಸಲಹೆಗೆ ಬಹಳ ಜಾಗವಿರುವುದು ಲೆಕ್ಕಪತ್ರದಲ್ಲಿ. ಹಲವು ಕಡೆ ಹಣ ಒಬ್ಬನ ಫೋನ್‌ಪೇ ನಂಬರಿಗೆ ಹೋಗುತ್ತದೆ. ಅವನು ಪ್ರಾಮಾಣಿಕನೇ ಇರಬಹುದು, ಆದರೆ ಅವನ ಸ್ವಂತ ಉಳಿತಾಯ ಖಾತೆಯಲ್ಲಿ ಲಕ್ಷಗಳು ಬಂದು ಹೋದರೆ ತೆರಿಗೆ ಇಲಾಖೆಗೂ ಊರಿಗೂ ಅವನು ಉತ್ತರ ಕೊಡಬೇಕು. ಲೆಕ್ಕ ಬಲ್ಲ ಹಳೆ ವಿದ್ಯಾರ್ಥಿ ಹಣ ಕೊಡದಿದ್ದರೂ ಇಬ್ಬರ ಸಹಿಯ ಪ್ರತ್ಯೇಕ ಖಾತೆ ತೆರೆಸಬಹುದು, ಅಥವಾ ಎಸ್‌ಡಿಎಂಸಿ ಖಾತೆಗೆ ಹಾಕಿಸಿ ರಸೀದಿ ಕೊಡಿಸಬಹುದು. ಸಂಘ ಬೇಕೆಂದರೆ ಏಳು ಜನ ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಬಹುದು. ಹಣ ಕೊಟ್ಟರೆ ತೆರಿಗೆ ವಿನಾಯಿತಿ ಸಿಗುತ್ತದೆ ಎಂದು ಗುಂಪಿನಲ್ಲಿ ಯಾರಾದರೂ ಹೇಳುತ್ತಿದ್ದರೆ ತಿದ್ದಬೇಕು. ಸಂಘಕ್ಕೆ 80ಜಿ ಮಾನ್ಯತೆ ಇಲ್ಲದಿದ್ದರೆ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಸಿಗುವುದಿಲ್ಲ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಸಹಪಾಠಿ ಅಲ್ಲಿನ ಪೌರತ್ವ ಪಡೆದಿದ್ದರೆ ಅವರ ದೇಣಿಗೆ ವಿದೇಶಿ ವಂತಿಗೆ ಎನಿಸಿಕೊಳ್ಳುತ್ತದೆ. ಎಫ್‌ಸಿಆರ್‌ಎ ನೋಂದಣಿ ಇಲ್ಲದ ಸಂಘ ಅದನ್ನು ಪಡೆಯುವಂತಿಲ್ಲ. ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಆ ತೊಡಕಿಲ್ಲ. ಪೌರತ್ವ ಬದಲಾದವರಿಗೆ ಹಣ ಬೇಡವೆಂದು ಹೇಳಿ ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಇಂಗ್ಲಿಷ್ ಸಂಭಾಷಣೆಯ ತರಗತಿ ಕೇಳುವುದು ಸಂಘಕ್ಕೂ ಸಲೀಸು.

ಅನುಮಾನದಿಂದ ಹಣ ಕೊಡದವರೂ ಇರುತ್ತಾರೆ. ಅವರು ‘ಕಷ್ಟವಿದೆ’ ಎಂದು ಸುಳ್ಳು ಹೇಳುವ ಬದಲು ‘ಖರ್ಚಿನ ಲೆಕ್ಕ ಎಲ್ಲಿ ನೋಡಬಹುದು?’ ಎಂದು ಸಂಗ್ರಹಿಸುವವನನ್ನು ಖಾಸಗಿಯಾಗಿ ಕೇಳಬೇಕು. ಉತ್ತರ ಸಿಕ್ಕರೆ ಅನುಮಾನ ತೀರುತ್ತದೆ, ಸಿಗದಿದ್ದರೆ ಲೆಕ್ಕ ಬರೆಯಲು ನೀವೇ ಮುಂದಾಗಬಹುದು.

ಒಂದು ಮಾತನ್ನು ಮರೆಮಾಚಬಾರದು. ಚಾವಣಿ ಸೋರುತ್ತಿದ್ದರೆ ಅದಕ್ಕೆ ಸಿಮೆಂಟು ಬೇಕು, ಸಿಮೆಂಟಿಗೆ ಹಣ ಬೇಕು. ಮಾನಸಿಕ ಸಾಮರ್ಥ್ಯದ ಪಾಠ ಆ ನೀರನ್ನು ನಿಲ್ಲಿಸುವುದಿಲ್ಲ. ಆದ್ದರಿಂದ ಸಮಯ ಕೊಟ್ಟವರು ಹಣ ಕೊಟ್ಟವರಿಗಿಂತ ತಾವು ಮೇಲು ಎಂಬಂತೆ ನಡೆದುಕೊಳ್ಳಬಾರದು. ಸಂಘದವರೂ ಸಮಯ ಕೊಟ್ಟವರ ಹೆಸರನ್ನು ಪಟ್ಟಿಯಲ್ಲಿ ರೂಪಾಯಿಗೆ ಪರಿವರ್ತಿಸಿ ಹಾಕಬಾರದು. ಶಾಲೆಗೆ ಈ ವರ್ಷ ಬಂದ ಹಣ, ಬಂದ ವಸ್ತು, ನಡೆದ ತರಗತಿ ಎಂದು ಮೂರನ್ನೂ ಬೇರೆ ಬೇರೆಯಾಗಿ ವಾರ್ಷಿಕ ವರದಿಯಲ್ಲಿ ಬರೆದರೆ ಯಾರಿಗೂ ಮುಜುಗರವಿಲ್ಲ.

ನಮ್ಮ ಉದಾಹರಣೆಯ ಮಹಿಳೆಗೆ ಮುಂದಿನ ವರ್ಷ ವರ್ಗಾವಣೆಯಾಗಬಹುದು, ಮನೆಯಲ್ಲಿ ಇನ್ನೇನೋ ಬರಬಹುದು. ಹಾಗಾಗಿ ಕೊನೆಯ ಶನಿವಾರ ಆಕೆ ಶಾಲೆಯಲ್ಲಿ ಒಂದು ಕಡತ ಬಿಟ್ಟು ಬರಬೇಕು. ಅದರಲ್ಲಿ ಐದು ತರಗತಿಯ ಅಭ್ಯಾಸದ ಹಾಳೆಗಳು, ಉತ್ತರಗಳ ಸಹಿತ ಮೂರು ಹಳೆಯ ಪ್ರಶ್ನೆಪತ್ರಿಕೆ, ಖಾಲಿ ಓಎಂಆರ್ ನಮೂನೆ, ಆಯ್ಕೆಯಾದ ಮಕ್ಕಳ ಪೋರ್ಟಲ್ ಅರ್ಜಿ ಸಂಖ್ಯೆ, ಪ್ರತಿವರ್ಷ ನವೀಕರಣಕ್ಕೆ ಯಾವ ತಿಂಗಳಲ್ಲಿ ಯಾವ ಕಾಗದ ಬೇಕು ಎಂಬ ಒಂದು ಪುಟ. ಮಕ್ಕಳ ಆಧಾರ್ ಪ್ರತಿ, ಬ್ಯಾಂಕ್ ವಿವರಗಳನ್ನು ಆ ಕಡತದಲ್ಲಿ ಇಡದೆ ನೋಡಲ್ ಶಿಕ್ಷಕರ ಬೀರುವಿನಲ್ಲಿಡಬೇಕು. ಜೆರಾಕ್ಸ್ ಅಂಗಡಿಯ ಸಹಪಾಠಿಯನ್ನು ಕೊನೆಯ ಎರಡು ತರಗತಿಗೆ ಜೊತೆಗೆ ಕರೆದುಕೊಂಡು ಹೋಗಿದ್ದರೆ ಮುಂದಿನ ಜುಲೈಗೆ ಆ ಕಡತವನ್ನು ಅವನು ತೆರೆಯಬಲ್ಲ.